ಒಂದೇ ಒಂದು ‘ಪ್ಲೀಸ್’

ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಶಾಮನೂರಿನಲ್ಲೇ ಇದ್ದಾರೆ. ಜೀವನದಲ್ಲಿ ಅವರು ಬರೆದದ್ದು ನಾಲ್ಕೇ ಕಥೆ, ಅಚ್ಚಾಗಿದ್ದು ಒಂದೇ. ಅದರ ಹೆಸರು ‘ತೂಬು’. ಹನ್ನೊಂದು ಪುಟ. ಅವರ ಮೊಮ್ಮಗಳು ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲಿ. ಕನ್ನಡ ಕೇಳಿದರೆ ಅರ್ಧಂಬರ್ಧ ತಿಳಿಯುತ್ತೆ, ಅಕ್ಷರ ಬರಲ್ಲ. ‘ತಾತ ಏನು ಬರ್ದಿದಾರೆ?’ ಅಂತ ಅವಳು ವಿಡಿಯೋ ಕಾಲ್‌ನಲ್ಲಿ ಕೇಳಿದ್ದೇ ನೆಪ, ದೊಡ್ಡಪ್ಪ ನನಗೆ ಫೋನ್ ಮಾಡಿದರು. ‘ಲೇ, ಆ ಕೂಸಿಗೆ ತಿಳಿಯಂಗೆ ಇಂಗ್ಲೀಷ್ನಾಗೆ ಬರ್ದು ಕೊಡಲೇ. ಆದ್ರೆ ನಮ್ಮೂರ ಮಂದಿ ಲಂಡನ್ನಾಗೆ ಮಾತಾಡಿದಂಗೆ ಆಗ್ಬಾರ್ದು ನೋಡು.’

ಕ್ಲೈಂಟ್ ಕೊಡುವ ರಿಕ್ವೈರ್‌ಮೆಂಟ್ ಕೂಡ ಇಷ್ಟು ಸ್ಪಷ್ಟ ಇರಲ್ಲ ಬಿಡಿ.

ಕಥೆ ಚಿಕ್ಕದು. ಭದ್ರಾ ನಾಲೆಯ ಕೊನೇ ಭಾಗದ ಗದ್ದೆ, ಇಬ್ಬರು ಅಣ್ಣತಮ್ಮಂದಿರು. ನಮ್ಮ ಕಡೆ ನಾಲೆಗೆ ಯಾರೂ ನಾಲೆ ಅನ್ನಲ್ಲ, ‘ಚಾನಲ್’ ಅಂತಾರೆ. ಮೇಲಿನವರು ತೂಬು ಎತ್ತಿಕೊಂಡು ನೀರು ಹಾಯಿಸಿ ಮುಗಿಯುವ ಹೊತ್ತಿಗೆ ಕೊನೇ ಭಾಗಕ್ಕೆ ಬರುವುದು ಕೆಸರು, ಇಲ್ಲ ಬರೀ ಸದ್ದು. ಸರದಿ ಬಂದ ರಾತ್ರಿ ಬ್ಯಾಟರಿ ಹಿಡಿದು ಗದ್ದೆ ಕಾಯಬೇಕು. ಅಂಥ ಒಂದು ರಾತ್ರಿ ತಮ್ಮ ಅಣ್ಣನ ಪಾಲಿನ ನೀರು ತಿರುಗಿಸಿಕೊಳ್ಳುತ್ತಾನೆ. ಮುಂದೆ ಜಗಳ, ಪಾಲು, ಕೋರ್ಟು. ಇದೆಲ್ಲದರ ನಡುವೆ ಒಂದು ಪುಟದ ದೃಶ್ಯವಿದೆ. ಮಗಳ ಮದುವೆ ಕರೆಯೋಲೆ ಹಿಡಿದು ತಮ್ಮ ಅಣ್ಣನ ಮನೆಗೆ ಬರುತ್ತಾನೆ. ಅಣ್ಣ ಬಾಗಿಲಲ್ಲಿ ಎದ್ದು ನಿಂತು ಎರಡೇ ಮಾತು ಆಡುತ್ತಾನೆ: ‘ಬರ್ರಿ. ಕುಂದ್ರಿ.’ ತಮ್ಮ ಕೂರುತ್ತಾನೆ. ಅತ್ತಿಗೆ ಮಂಡಕ್ಕಿ, ಚಾ ತಂದಿಡುತ್ತಾಳೆ. ಚಾ ಕೆನೆಗಟ್ಟುತ್ತೆ. ಏಳುವಾಗ ತಮ್ಮ ಅನ್ನುತ್ತಾನೆ: ‘ಹೋಗ್ತೀನ್ರಿ.’

ದಾವಣಗೆರೆ, ಹರಿಹರದ ಕಡೆ ಬೆಳೆದ ಯಾರಿಗಾದರೂ ಇದು ಎದೆಗೆ ಒದ್ದಂತೆ ಆಗುತ್ತೆ. ಇಡೀ ಕಥೆಯಲ್ಲಿ ಆ ಅಣ್ಣ ತಮ್ಮನನ್ನು ‘ಬಾರಲೇ’, ‘ಉಣ್ಣಲೇ’, ‘ಎಲ್ಲಿ ಹಾಳಾಗಿ ಹೋಗಿದ್ಯಲೇ’ ಅಂತಲೇ ಕರೆದಿದ್ದಾನೆ. ನೀರು ಕದ್ದ ರಾತ್ರಿ ಬೈದದ್ದೂ ‘ಲೇ’ ಹಚ್ಚಿಯೇ. ಬೈಗುಳ ಸಂಬಂಧದ ಒಳಗಿನದು. ‘ಬರ್ರಿ’ ಅಂದರೆ ಸಂಬಂಧ ಮುಗೀತು, ಇನ್ನು ನೀನು ನೆಂಟ, ಪರ ಊರಿನವ. ತಮ್ಮನೂ ಹಾಗೇ. ನಮ್ಮಲ್ಲಿ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನಬೇಕು, ‘ಹೋಗ್ತೀನಿ’ ಅಂದರೆ ಅಜ್ಜಿಯರು ಬಾಯಿ ಮುಚ್ಚಿಸುತ್ತಿದ್ದರು. ಅವನು ‘ಹೋಗ್ತೀನ್ರಿ’ ಅಂದ.

ಈಗ ಇದನ್ನು ಇಂಗ್ಲಿಷಿಗೆ ತನ್ನಿ. ‘ಪ್ಲೀಸ್ ಕಮ್ ಇನ್. ಡೂ ಸಿಟ್ ಡೌನ್.’ ಓದುವವರಿಗೆ ಏನನ್ನಿಸುತ್ತೆ? ಅಬ್ಬ, ಅಣ್ಣ ಎಷ್ಟು ಒಳ್ಳೆಯವನು, ಇಷ್ಟೆಲ್ಲ ಆದ ಮೇಲೂ ಮರ್ಯಾದೆಯಿಂದ ಕೂರಿಸಿದ! ಕಥೆ ತಲೆಕೆಳಗಾಯಿತು. ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ‘ಯೂ’. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಇರುತ್ತೆ, ಅಲ್ಲಿ ಆ ಬಾಲವೇ ಇಲ್ಲ.

ಸುಲಭದ ದಾರಿ ಒಂದಿತ್ತು. ‘ಅಣ್ಣ ಇದುವರೆಗೆ ಅವನನ್ನು ಎಂದೂ ಬಹುವಚನದಲ್ಲಿ ಕರೆದಿರಲಿಲ್ಲ’ ಅಂತ ಒಂದು ವಾಕ್ಯ ನಾನೇ ಸೇರಿಸುವುದು. ಅಡಿಟಿಪ್ಪಣಿ ಹಾಕುವುದೂ ಇದೇ ಜಾತಿಯದ್ದು. ನನಗೆ ಒಪ್ಪಿಗೆಯಾಗಲಿಲ್ಲ. ಮೂಲದಲ್ಲಿ ಯಾರೂ ಅದರ ಬಗ್ಗೆ ಮಾತಾಡಲ್ಲ, ಚಾ ಕೆನೆಗಟ್ಟುತ್ತೆ ಅಷ್ಟೆ. ಯಾರೂ ಆಡದ ಮಾತನ್ನು ಅನುವಾದಕ ನಡುವೆ ಬಂದು ಆಡಿಬಿಟ್ಟರೆ ಆ ಮೌನ ಎಲ್ಲಿಗೆ ಹೋಗಬೇಕು?

ಇನ್ನೊಂದು ದಾರಿ ಹಳೇದು. ಹಳ್ಳಿ ಕನ್ನಡಕ್ಕೆ ಹಳ್ಳಿ ಇಂಗ್ಲಿಷು, ಅಕ್ಷರ ನುಂಗಿ ಬರೆಯುವ ‘ಕಮಿನ್’, ‘ಐಂಟ್’ ಥರದ್ದು. ಆದರೆ ಹಾಗೆ ಮಾತಾಡುವವರು ಯಾವುದೋ ಒಂದು ಊರಿನವರೇ ಆಗಿರುತ್ತಾರೆ, ಯಾರ್ಕ್‌ಶೈರೋ ಟೆಕ್ಸಾಸೋ. ನಮ್ಮ ದೊಡ್ಡಪ್ಪನ ಗದ್ದೆಯಲ್ಲಿ ದನ ಮೇಯಿಸುವ ಕೌಬಾಯ್ ಬಂದು ನಿಂತಂತಾಗುತ್ತೆ. ಇನ್ನೂ ಒಂದು ತೊಂದರೆ. ಕಾಗುಣಿತ ಕೆಡಿಸಿ ಬರೆದರೆ ಆಡುವವನು ದಡ್ಡ ಅನ್ನಿಸುತ್ತೆ. ನಮ್ಮೂರ ಮಾತು ತಪ್ಪು ಕನ್ನಡ ಅಲ್ಲವಲ್ಲ, ಅದರದ್ದೇ ವ್ಯಾಕರಣ ಇರುವ ಕನ್ನಡ.

ಹಾಗಾಗಿ ‘ಲೇ’ಯನ್ನೇ ಇಂಗ್ಲಿಷಿಗೆ ಕರೆದುಕೊಂಡು ಹೋದೆ. ಇದಕ್ಕೆ ಧೈರ್ಯ ಬಂದದ್ದು ‘ಹಾರ್ಟ್ ಲ್ಯಾಂಪ್’ನಿಂದ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕ, 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದದ್ದು ನಿಮಗೆ ಗೊತ್ತೇ ಇದೆ. ಅದರಲ್ಲಿ ಕನ್ನಡ, ಉರ್ದು, ಅರಬ್ಬಿ ಮಾತುಗಳು ಓರೆ ಅಕ್ಷರ ಇಲ್ಲದೆ, ಅಡಿಟಿಪ್ಪಣಿ ಇಲ್ಲದೆ ಇಂಗ್ಲಿಷಿನ ಸಾಲಿನಲ್ಲೇ ಕೂತಿವೆ. ಓರೆ ಅಕ್ಷರ ಯಾಕೆ ಬೇಡ ಅಂತ ಅವರು ಪುಸ್ತಕದ ಕೊನೆಯಲ್ಲಿ ಬರೆದೂ ಇದ್ದಾರೆ. ಶ್ರೀನಾಥ್ ಪೆರೂರ್ ಅವರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನುವಾದಿಸಿದಾಗ ಹೆಸರನ್ನು ಮುಟ್ಟಲೇ ಇಲ್ಲ. ಆದರೆ ಅಲ್ಲಿ ಒಂದು ಅನುಕೂಲ ಇತ್ತು. ಆ ಪದ ಕನ್ನಡದವರಿಗೂ ಹೊಸದು, ಅದರ ಅರ್ಥ ಕಥೆಯೊಳಗೇ ಹುಟ್ಟುತ್ತೆ. ನನ್ನ ‘ಲೇ’ಗೆ ಕಥೆಯಲ್ಲಿ ಯಾರೂ ಅರ್ಥ ಹೇಳಲ್ಲ.

ಹೇಳದೆ ಕಲಿಸಬೇಕು. ಅದಕ್ಕೆ ಲೆಕ್ಕಾಚಾರ ಬೇಕು. ಕನ್ನಡದಲ್ಲಿ ‘ಲೇ’ ಪದಕ್ಕೆ ಅಂಟಿಕೊಂಡಿರುತ್ತೆ, ಹಾಗಾಗಿ ಪೆನ್ಸಿಲ್ ಹಿಡಿದು ಎಣಿಸಿದೆ. ಮೂವತ್ನಾಲ್ಕು. ಇಂಗ್ಲಿಷಿನಲ್ಲಿ ಅಷ್ಟೂ ಹಾಕಿದರೆ ಕಿವಿ ನೋಯುತ್ತೆ. ಹನ್ನೆರಡು ಉಳಿಸಿಕೊಂಡೆ, ಎಲ್ಲವೂ ಅಣ್ಣನ ಬಾಯಲ್ಲೇ. ಮೊದಲನೇದು ಎರಡನೇ ಪುಟದಲ್ಲಿ, ತಮ್ಮನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುವಾಗ: ‘ಈಟ್, ಲೇ.’ ಕೈಯಲ್ಲಿ ರೊಟ್ಟಿ ಇದೆ, ಬಾಯಲ್ಲಿ ಲೇ ಇದೆ, ಓದುವವರಿಗೆ ಅಷ್ಟು ಸಾಕು. ಎರಡನೇದು ಬೈಯುವಾಗ. ಆಮೇಲಿನವು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತವೆ.

ಇಷ್ಟು ಮಾಡಿ, ಪರೀಕ್ಷೆಗೆ ಅಂತ ನನ್ನ ಟೀಮಿನ ಅಮೆರಿಕನ್ ಸಹೋದ್ಯೋಗಿಗೆ ಕರಡು ಕಳಿಸಿದೆ. ಭಾರತದ ಯಾವ ಭಾಷೆಯೂ ಗೊತ್ತಿಲ್ಲದವಳು. ಹಿಂದಿಯವರಿಗೆ, ಬಂಗಾಳಿಯವರಿಗೆ ಕೊಡಬಾರದು, ತೂ-ಆಪ್ ಗೊತ್ತಿರುವವರು ಊಹಿಸಿಬಿಡುತ್ತಾರೆ. ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ಇವರಿಬ್ಬರ ನಡುವೆ ಎಲ್ಲ ಮುಗೀತು ಅಂತ ನಿನಗೆ ಯಾವ ಸಾಲಿನಲ್ಲಿ ಗೊತ್ತಾಯ್ತು? ಅವಳು ತೋರಿಸಿದ್ದು ಎರಡು ಪುಟ ಮುಂದಿನ ಕೋರ್ಟಿನ ದೃಶ್ಯವನ್ನು. ಅಂದರೆ ‘ಲೇ’ ಇಲ್ಲದ್ದು ಅವಳ ಕಣ್ಣಿಗೆ ಬಿದ್ದಿಲ್ಲ. ಇರುವುದು ಕಾಣುತ್ತೆ, ಇಲ್ಲದ್ದು ಕಾಣುವುದು ಕಷ್ಟ. ಇಲ್ಲದ್ದರ ಜಾಗದಲ್ಲಿ ಬೇರೆ ಏನಾದರೂ ಬಂದು ಕೂತಿರಬೇಕು, ಕನ್ನಡದ ‘ರಿ’ ಕೂತಂತೆ.

ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಇರುವ ಪದ ‘ಪ್ಲೀಸ್’. ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಪ್ಲೀಸ್ ಅನ್ನಲ್ಲ, ಥ್ಯಾಂಕ್ಸೂ ಅನ್ನಲ್ಲ. ಅವ್ವ ನೀರು ಕೊಟ್ಟರೆ ‘ಧನ್ಯವಾದ’ ಅಂದು ನೋಡಿ, ಜ್ವರ ಬಂದಿದೆಯಾ ಅಂತ ಹಣೆ ಮುಟ್ಟುತ್ತಾರೆ. ಆದರೆ ಇಂಗ್ಲಿಷ್ ಬರೆಯುವಾಗ ಕೈ ತಾನಾಗಿ ಪ್ಲೀಸ್ ಹಾಕುತ್ತೆ. ‘ಸ್ವಲ್ಪ ನೀರು ಕೊಡವ್ವ’ ಅನ್ನುವ ಆ ‘ಸ್ವಲ್ಪ’ ಇಂಗ್ಲಿಷಿಗೆ ಬರುವಾಗ ಪ್ಲೀಸ್ ಆಗಿಯೇ ಬರುತ್ತೆ. ಎಷ್ಟು ಇವೆ ನೋಡೋಣ ಅಂತ:

```
grep -oiw "please" toobu-en.txt | wc -l
11
```

ಹನ್ನೊಂದರಲ್ಲಿ ಹತ್ತನ್ನು ತೆಗೆದೆ. ಒಂದೊಂದಕ್ಕೂ ಬೇರೆ ಉಪಾಯ ಬೇಕಾಯಿತು. ಕೆಲವೆಡೆ ‘ಗಿವ್ ಮಿ ವಾಟರ್, ಅವ್ವ’ ಅಂತ ಸಂಬಂಧದ ಹೆಸರು ಸೇರಿಸಿದೆ, ಒರಟು ಹೋಗಿ ಸಲಿಗೆ ಬಂತು. ನೀರಗಂಟಿಯ ಹತ್ತಿರ ಅಣ್ಣ ಗೋಗರೆಯುವ ಕಡೆ ಒಂದೇ ಮಾತನ್ನು ಎರಡು ಸಲ ಹೇಳಿಸಿದೆ, ನಮ್ಮವರು ಬೇಡಿಕೊಳ್ಳುವುದೇ ಹಾಗೆ. ಕಡೆಗೆ ಇಡೀ ಹನ್ನೊಂದು ಪುಟದಲ್ಲಿ ಪ್ಲೀಸ್ ಉಳಿದದ್ದು ಆ ಬಾಗಿಲಲ್ಲಿ ಮಾತ್ರ: ‘ಪ್ಲೀಸ್ ಕಮ್. ಸಿಟ್.’ ಎರಡು ಪ್ಲೀಸ್ ಹಾಕಿದರೆ ವ್ಯಂಗ್ಯ ಅನ್ನಿಸುತ್ತೆ, ಅಣ್ಣ ವ್ಯಂಗ್ಯ ಮಾಡುತ್ತಿಲ್ಲ. ಒಂದೇ ಸಾಕು.

‘ಹೋಗ್ತೀನ್ರಿ’ಗೂ ಇದೇ ತಂತ್ರ. ಅದಕ್ಕಿಂತ ಮುಂಚೆ ಕಥೆಯಲ್ಲಿ ಮೂರು ಸಲ ಯಾರೋ ಯಾರದೋ ಮನೆಯಿಂದ ಹೊರಡುತ್ತಾರೆ. ಆ ಮೂರನ್ನೂ ‘ಬೈ’ ಅಂತ ತೇಲಿಸದೆ ‘ಐ ವಿಲ್ ಗೋ ಅಂಡ್ ಕಮ್’ ಅಂತಲೇ ಬರೆದೆ. ಇಂಗ್ಲಿಷ್ ಮೇಷ್ಟ್ರು ಕೆಂಪು ಗೆರೆ ಎಳೆಯುವ ವಾಕ್ಯ. ಆದರೆ ಮೂರು ಸಲ ಕೇಳಿದ ಕಿವಿಗೆ ನಾಲ್ಕನೇ ಸಲ ಬರೀ ‘ಐ ವಿಲ್ ಗೋ’ ಅಂದರೆ ‘ಕಮ್’ ಎಲ್ಲಿ ಹೋಯಿತು ಅಂತ ಹುಡುಕುತ್ತೆ. ಇನ್ನೊಬ್ಬ ಸಹೋದ್ಯೋಗಿಗೆ, ಪೋಲೆಂಡಿನವನು, ಹೊಸ ಕರಡು ಕೊಟ್ಟು ಅದೇ ಪ್ರಶ್ನೆ ಕೇಳಿದೆ. ಬಾಗಿಲಿನ ಸಾಲು ತೋರಿಸಿದ. ಅವನ ಭಾಷೆಯಲ್ಲೂ ನೀನು-ನೀವು ಇದೆ ಅಂತ ಆಮೇಲೆ ನೆನಪಾಗಿ, ಅಮೆರಿಕದವಳೇ ಆದ ಮೂರನೆಯವಳೊಬ್ಬಳಿಗೆ ಕೊಟ್ಟೆ. ಅವಳೂ ಅದೇ ಸಾಲು. ‘ಅಲ್ಲಿ ಮನೆ ತಣ್ಣಗಾಯ್ತು’ ಅಂದಳು.

ಉಳಿದ ಪದಗಳು ಇಷ್ಟು ಕಾಡಲಿಲ್ಲ. ಮಂಡಕ್ಕಿ ಮಂಡಕ್ಕಿಯಾಗಿಯೇ ಉಳಿಯಿತು. ಪಫ್ಡ್ ರೈಸ್ ಅಂದರೆ ಅಲ್ಲಿನವರು ಹಾಲಿಗೆ ಹಾಕಿ ತಿನ್ನುವ ಡಬ್ಬಿ ನೆನೆಸಿಕೊಳ್ಳುತ್ತಾರೆ. ‘ಪೇಪರಿನ ಮೇಲೆ ಸುರಿದ ಹಗುರ ಮಂಡಕ್ಕಿ ಫ್ಯಾನಿನ ಗಾಳಿಗೆ ಸರಿದಾಡಿತು’ ಅಂತ ಮೂಲದಲ್ಲೇ ಇದೆ, ಅದೇ ವಿವರಣೆ. ‘ಚಾನಲ್’ ಅನ್ನು ‘ಕೆನಾಲ್’ ಅಂತ ತಿದ್ದಲಿಲ್ಲ. ಇಂಗ್ಲಿಷಿನಿಂದ ನಾವು ಇಸಕೊಂಡದ್ದನ್ನು ನಮ್ಮ ಉಚ್ಚಾರದಲ್ಲೇ ವಾಪಸ್ ಕೊಟ್ಟೆ. ಬೆಣ್ಣೆದೋಸೆ ಕಥೆಯಲ್ಲಿ ಇಲ್ಲ. ದಾವಣಗೆರೆ ಅಂದಮೇಲೆ ಇರಬೇಕಿತ್ತು ಅನ್ನುವವರು ದಯವಿಟ್ಟು ದೊಡ್ಡಪ್ಪನಿಗೇ ಹೇಳಿ.

ಮುಗಿದ ಮೇಲೆ ಶಾಮನೂರಿಗೆ ಹೋಗಿ ಓದಿ ಹೇಳಿದೆ. ಆ ಗದ್ದೆ ಈಗ ಲೇಔಟು, ಅದರ ಮೂವತ್ತಡಿ ರಸ್ತೆಯಲ್ಲೇ ಬೈಕ್ ನಿಲ್ಲಿಸಿದ್ದೆ. ಆ ತಮ್ಮ ಯಾರು ಅಂತ ನಿಮಗೆ ಇಷ್ಟರಲ್ಲಿ ಗೊತ್ತಾಗಿರಬಹುದು. ನಮ್ಮ ಅಪ್ಪಾಜಿ ಹೋಗಿ ಆರು ವರ್ಷ ಆಯಿತು. ಅಕ್ಕನ ಮದುವೆಗೆ ದೊಡ್ಡಪ್ಪ ಬಂದಿರಲಿಲ್ಲ.

‘ದೊಡ್ಡಪ್ಪ, ನೀವು ನಿಜವಾಗ್ಲೂ ಅಪ್ಪಾಜಿಗೆ ಬರ್ರಿ ಅಂದಿದ್ರಾ?’

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು. ‘ಇಂಗ್ಲೀಷ್ನಾಗೆ ಏನಂತ ಬರ್ದೀಯ, ಅದನ್ನ ಓದಲೇ ಇನ್ನೊಂದ್ಸಲ.’

ಓದಿದೆ.

‘ಪ್ಲೀಸು,’ ಅಂದರು. ‘ಹ್ಞೂಂ. ಹಂಗೇ ಇತ್ತು.’

ಕಥೆ ಮೊಮ್ಮಗಳಿಗೆ ಹೋಗಿದೆ. ಹೆಸರು ಮಾತ್ರ ಇನ್ನೂ ಬಗೆಹರಿದಿಲ್ಲ. ಅವಳು ‘ಸ್ಲೂಸ್’ ಅಂದರೆ ಯಾರಿಗೂ ಗೊತ್ತಿಲ್ಲ, ‘ತೂಬು’ ಅಂತಲೇ ಇರಲಿ ಅನ್ನುತ್ತಾಳೆ. ದೊಡ್ಡಪ್ಪನಿಗೆ ಇಂಗ್ಲಿಷ್ ಹೆಸರೇ ಬೇಕಂತೆ.