ಶಿಫ್ಟ್ ಮುಗಿಸೋದು ಅಂದ್ರೆ ಲಾಗೌಟ್ ಆಗೋದಲ್ಲ

1/7
ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಹೊಸದಾಗಿ ಸೇರಿರೋರು ಮೆಸೇಜ್ ಮಾಡಿ ಕೇಳೋದು ಹೆಚ್ಚಾಗಿ ಒಂದೇ ಪ್ರಶ್ನೆ: "ಅಕ್ಕಾ, ಆರು ಗಂಟೆಗೆ ಕ್ಯಾಬ್ ಇರುತ್ತೆ, ಕ್ಯೂನಲ್ಲಿ ಇನ್ನೂ ಹತ್ತು ಟಿಕೆಟ್ ಇರುತ್ತೆ, ಏನ್ ಮಾಡ್ಲಿ?" ನಮ್ಮ ಕ್ಲಾಸ್‌ನವರೇ ಐದಾರು ಜನ ಈ ವರ್ಷ ಇಂಥ ಕೆಲಸಕ್ಕೆ ಹೋಗಿದ್ದೀರಿ. ಅದಕ್ಕೇ ಈ ಸರಣಿ. ನಾನು ಕೆಲಸ ಮಾಡೋದು ಬಸ್ ಬುಕಿಂಗ್ ಸಪೋರ್ಟ್‌ನಲ್ಲಿ, ಝೆಂಡೆಸ್ಕ್ ಮೇಲೆ. ನಿಮ್ಮಲ್ಲಿ ಫ್ರೆಶ್‌ಡೆಸ್ಕ್ ಇರಬಹುದು, ಬೇರೆ ಏನೋ ಇರಬಹುದು. ಬಟನ್ ಹೆಸರು ಸ್ವಲ್ಪ ಬದಲಾಗುತ್ತೆ, ಲೆಕ್ಕ ಬದಲಾಗಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಶಿಫ್ಟ್ ಕೊನೆಯಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಟಿಕೆಟ್ ಉಳಿದಿದೆ ಅನ್ನೋದು ಮುಖ್ಯ ಅಲ್ಲ. ನೀವು ಮಲಗಿರುವಾಗ ಆ ಟಿಕೆಟ್‌ಗಳಲ್ಲಿ ಯಾವುದು ಎದ್ದು ಕೂರುತ್ತೆ, ಆಗ ಅದನ್ನ ನೋಡೋಕೆ ಎಚ್ಚರವಾಗಿರೋರು ಯಾರಿದ್ದಾರೆ ಅನ್ನೋದು ಮುಖ್ಯ.

2/7
ಟಿಕೆಟ್ "ಏಳೋದು" ಅಂದ್ರೆ ಏನು?

ಟಿಕೆಟ್‌ಗೆ ಸ್ಟೇಟಸ್ ಇರುತ್ತೆ. ಓಪನ್ ಅಂದ್ರೆ ಚೆಂಡು ನಮ್ಮ ಅಂಗಳದಲ್ಲಿದೆ. ಪೆಂಡಿಂಗ್ ಅಂದ್ರೆ ನಾವು ಏನೋ ಕೇಳಿದ್ದೀವಿ, ಕಸ್ಟಮರ್ ಉತ್ತರ ಕೊಡಬೇಕು. ಆನ್-ಹೋಲ್ಡ್ ಅಂದ್ರೆ ನಮ್ಮದೇ ಪೇಮೆಂಟ್ ಟೀಮೋ, ಬಸ್ ಆಪರೇಟರೋ, ಮೂರನೆಯವರು ಯಾರೋ ಉತ್ತರ ಕೊಡಬೇಕು. ಸಾಲ್ವ್ಡ್ ಅಂದ್ರೆ ನಮ್ಮ ಪ್ರಕಾರ ಮುಗೀತು.

ಇದರಲ್ಲಿ ಮೋಸ ಮಾಡೋದು ಪೆಂಡಿಂಗ್. ಪೆಂಡಿಂಗ್ ಆದ ಟಿಕೆಟ್ ಸದ್ದಿಲ್ಲದೆ ಬಿದ್ದಿರುತ್ತೆ. ನಿಮ್ಮ ಓಪನ್ ಲೆಕ್ಕ ಸೊನ್ನೆ ತೋರಿಸುತ್ತೆ. ಆದ್ರೆ ಕಸ್ಟಮರ್ ಉತ್ತರ ಕಳಿಸಿದ ಕ್ಷಣ ಅದು ತಾನಾಗೇ ಮತ್ತೆ ಓಪನ್ ಆಗುತ್ತೆ. ಯಾರ ಹೆಸರಲ್ಲಿ? ನಿಮ್ಮ ಹೆಸರಲ್ಲೇ. ನೀವು ಮನೆಯಲ್ಲಿ ಮಲಗಿರ್ತೀರಿ. ಡ್ಯೂಟಿಯಲ್ಲಿ ಇರೋರು ನೋಡೋದು ಯಾರ ಹೆಸರೂ ಇಲ್ಲದ ಟಿಕೆಟ್‌ಗಳ ಪಟ್ಟಿಯನ್ನ. ಈಗಾಗಲೇ ಒಬ್ಬರ ಹೆಸರಿರೋ ಟಿಕೆಟ್ ಆ ಪಟ್ಟಿಗೆ ಬರೋದೇ ಇಲ್ಲ.

3/7
ಇದು ಬರೀ ಥಿಯರಿ ಅಲ್ಲ. ಒಂದು ಭಾನುವಾರ ಮಧ್ಯಾಹ್ನದ ಶಿಫ್ಟ್‌ನಲ್ಲಿ ನಾನು ಎತ್ತಿದ ಕಾಲ್ ಹೇಳ್ತೀನಿ. ಹುಬ್ಬಳ್ಳಿಯ ಒಬ್ಬರು ಅದೇ ಭಾನುವಾರ ರಾತ್ರಿಗೆ ಬೆಂಗಳೂರಿಗೆ ಎರಡು ಸೀಟ್ ಬುಕ್ ಮಾಡಿದ್ರು. ಸೋಮವಾರ ಬೆಳಿಗ್ಗೆ ಅವರ ತಂದೆಗೆ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್. ಯುಪಿಐನಲ್ಲಿ 1,840 ರೂಪಾಯಿ ಕಟ್ ಆಗಿತ್ತು, ಟಿಕೆಟ್ ಬಂದಿರಲಿಲ್ಲ.

ಹಿಸ್ಟರಿ ತೆಗೆದು ನೋಡಿದೆ. ಅವರು ಬರೆದಿದ್ದು ಶುಕ್ರವಾರ ರಾತ್ರಿ 11:40ಕ್ಕೆ. ನಮ್ಮ ನೈಟ್ ಶಿಫ್ಟ್ ಹುಡುಗ ಅರ್ಧ ಗಂಟೆಯೊಳಗೇ ಉತ್ತರ ಕೊಟ್ಟಿದ್ದ: ಯುಪಿಐ ಆಪ್‌ನಲ್ಲಿ ಕಾಣೋ 12 ಅಂಕಿಯ ರೆಫರೆನ್ಸ್ ನಂಬರ್ ಕಳಿಸಿ, ಚೆಕ್ ಮಾಡಿ ಸೀಟ್ ಕನ್ಫರ್ಮ್ ಮಾಡ್ತೀವಿ. ಸರಿಯಾದ ಪ್ರಶ್ನೆ, ಸರಿಯಾದ ಭಾಷೆ. ಸ್ಟೇಟಸ್ ಪೆಂಡಿಂಗ್, ಅದೂ ಸರಿಯೇ. ಬೆಳಿಗ್ಗೆ ಆರಕ್ಕೆ ಅವನ ಶಿಫ್ಟ್ ಮುಗೀತು. ಓಪನ್ ಟಿಕೆಟ್ ಸೊನ್ನೆ. ಶನಿವಾರ, ಭಾನುವಾರ ಅವನಿಗೆ ವೀಕ್ ಆಫ್.

ಕಸ್ಟಮರ್ ರಾತ್ರಿ ಮಲಗಿ, ಶನಿವಾರ ಬೆಳಿಗ್ಗೆ 7:20ಕ್ಕೆ ನಂಬರ್ ಕಳಿಸಿದ್ರು. ಟಿಕೆಟ್ ಓಪನ್ ಆಯ್ತು, ರಜೆಯಲ್ಲಿದ್ದ ಹುಡುಗನ ಹೆಸರಲ್ಲಿ. ಆಮೇಲೆ ಇನ್ನೂ ಮೂರು ಸಲ ಬರೆದಿದ್ರು. ಎಲ್ಲಾ ಅದೇ ಟಿಕೆಟ್‌ನೊಳಗೆ ಹೋಗಿ ಕೂತಿತ್ತು.

"ನಿನ್ನೆ ಮುಂಜಾನೆನ ನಂಬರ್ ಕಳ್ಸೇನ್ರಿ ಮೇಡಮ್. ಒಬ್ಬರರ ತೆಗದ್ ನೋಡಿಲ್ಲೇನ್ರಿ?" ಅಂದ್ರು. ಬೈಗುಳ ಇರಲಿಲ್ಲ. ಅದೇ ಕೇಳೋಕೆ ಕಷ್ಟ ಆಗಿದ್ದು.

ಅಷ್ಟೊತ್ತಿಗೆ ಆ ಬಸ್ ಫುಲ್. ಬೇರೆ ಬಸ್‌ನಲ್ಲಿ ಅಕ್ಕಪಕ್ಕ ಅಲ್ಲದ ಎರಡು ಸೀಟ್ ಸಿಕ್ಕಿತು, ಅದಕ್ಕೂ ಅವರು ಮತ್ತೆ ದುಡ್ಡು ಕಟ್ಟಬೇಕಾಯ್ತು. ಮೊದಲ ದುಡ್ಡಿನ ಬಗ್ಗೆ ನಾನು ಹೇಳಬಹುದಾಗಿದ್ದು ಆರ್‌ಬಿಐ ನಿಯಮ ಮಾತ್ರ. ಖಾತೆಯಿಂದ ಕಟ್ ಆಗಿ ವ್ಯಾಪಾರಿಗೆ ಕನ್ಫರ್ಮೇಷನ್ ತಲುಪದ ಯುಪಿಐ ಪೇಮೆಂಟ್, ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು, ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. 2019ರಿಂದ ಇರೋ ನಿಯಮ. ದುಡ್ಡು ವಾಪಸ್ ಬರುತ್ತೆ. ಅಪ್ಪನ ಪಕ್ಕದ ಸೀಟ್ ಬರಲ್ಲ.

4/7
ಈಗ ಚೆಕ್‌ಲಿಸ್ಟ್. ನನ್ನದು ಶಿಫ್ಟ್ ಮುಗಿಯೋಕೆ 45 ನಿಮಿಷ ಮುಂಚೆ ಶುರುವಾಗುತ್ತೆ.

ಮೊದಲು ಲೈವ್ ಚಾಟ್. ಕೊನೆಯ ಅರ್ಧ ಗಂಟೆಗೆ ಬರೋ ಮೊದಲೇ ಸ್ಟೇಟಸ್‌ನ್ನ ಅವೇಗೆ ಹಾಕಿ, ಹೊಸ ಚಾಟ್ ಬರೋದು ನಿಲ್ಲುತ್ತೆ, ನಡೀತಿರೋದು ಮುಂದುವರಿಯುತ್ತೆ. ಟೀಮ್ ಲೀಡ್‌ಗೆ ಹೇಳಿಯೇ ಹಾಕಿ, ಯಾಕಂದ್ರೆ ಎಲ್ಲರೂ ಒಟ್ಟಿಗೆ ಅವೇ ಆದ್ರೆ ಕಸ್ಟಮರ್‌ಗೆ ಯಾರೂ ಸಿಗಲ್ಲ. ಮುಗಿಯದ ಚಾಟ್‌ನ್ನ ಟ್ರಾನ್ಸ್‌ಫರ್ ಮಾಡೋದಾದ್ರೆ ಕಸ್ಟಮರ್‌ಗೆ ಒಂದು ಸಾಲು ಹೇಳಿ ಮಾಡಿ. ಹೇಳದೆ ಕೈ ಬದಲಾಯಿಸಿದ್ರೆ ಅವರು ಕಥೆಯನ್ನ ಮೊದಲಿಂದ ಹೇಳಬೇಕಾಗುತ್ತೆ.

ಆಮೇಲೆ ಓಪನ್ ಟಿಕೆಟ್. ಹತ್ತು ನಿಮಿಷದಲ್ಲಿ ನಿಜವಾಗಿ ಮುಗಿಯೋದನ್ನ ಮುಗಿಸಿ. ಮುಗಿಯದ್ದನ್ನ ಅರ್ಧ ಮಾಡಿ ಬಿಡಬೇಡಿ. ಟೈಪ್ ಮಾಡಿ ಕಳಿಸದೆ ಬಿಟ್ಟ ಉತ್ತರ ಇದೆಯಾ ಅಂತ ತೆರೆದಿರೋ ಪ್ರತಿ ಟ್ಯಾಬ್ ನೋಡಿ. ನಿಮ್ಮ ಡ್ರಾಫ್ಟ್ ಮುಂದಿನವರಿಗೆ ಕಾಣಲ್ಲ. ನೀವು ಉತ್ತರ ಕೊಟ್ಟಿದ್ದೀರಿ ಅಂತ ನಿಮ್ಮ ತಲೆಯಲ್ಲಿರುತ್ತೆ, ಕಸ್ಟಮರ್‌ಗೆ ಮಾತ್ರ ಏನೂ ಹೋಗಿರಲ್ಲ.

5/7
ಮೂರನೆಯದು ಪೆಂಡಿಂಗ್. ಹೆಚ್ಚಿನವರು ಬಿಟ್ಟುಬಿಡೋ ಹೆಜ್ಜೆ ಇದೇ. ಸರ್ಚ್ ಬಾಕ್ಸ್‌ನಲ್ಲಿ ಇದನ್ನ ಹಾಕಿ:

```
assignee:me status:pending
```

ಬರೋ ಪಟ್ಟಿಯ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಒಂದು, ನಾನು ವಾಪಸ್ ಬರೋದರೊಳಗೆ ಉತ್ತರ ಬರಬಹುದಾ? ಎರಡು, ಬಂದ್ರೆ ನಾನು ಬರೋವರೆಗೆ ಕಾಯಬಹುದಾ? ಕಾಯೋಕಾಗಲ್ಲ ಅಂದ್ರೆ ಇನ್ನೊಬ್ಬರಿಗೆ ಕೊಡಿ. ಕಾಯಬಹುದು ಅಂದ್ರೆ ನಿಮ್ಮ ಹತ್ರವೇ ಇರಲಿ.

ಉದಾಹರಣೆಗೆ, ಹೋದ ತಿಂಗಳ ಪ್ರಯಾಣದ ಜಿಎಸ್‌ಟಿ ಬಿಲ್ ಕೇಳಿದೋರಿಗೆ ಕಂಪನಿ ಹೆಸರು ಕಳಿಸಿ ಅಂದಿದ್ದೀರಿ, ನೀವು ಇವತ್ತು ರಾತ್ರಿ ಮತ್ತೆ ಬರ್ತೀರಿ. ಇಟ್ಕೊಳ್ಳಿ. ಅದನ್ನ ಬೇರೆಯವರಿಗೆ ಕೊಟ್ರೆ ಅವರು ಮತ್ತೆ ಮೊದಲಿಂದ ಓದಬೇಕು, ಲಾಭ ಇಲ್ಲ. ಆದ್ರೆ ಎರಡು ದಿನದಲ್ಲಿ ಹೊರಡೋ ಬಸ್, ನಿಮಗೆ ಎರಡು ದಿನ ವೀಕ್ ಆಫ್? ಕೊಟ್ಟೇ ಹೋಗಬೇಕು. ಹುಬ್ಬಳ್ಳಿಯವರ ಟಿಕೆಟ್ ಇದೇ ಜಾತಿಯದ್ದು.

ಆನ್-ಹೋಲ್ಡ್‌ಗೂ ಇದೇ ಪ್ರಶ್ನೆ. ಝೆಂಡೆಸ್ಕ್‌ನಲ್ಲಿ ಆನ್-ಹೋಲ್ಡ್ ಅನ್ನೋದು ಕಸ್ಟಮರ್‌ಗೆ ಕಾಣಲ್ಲ, ಅವರಿಗೆ ಓಪನ್ ಅಂತಲೇ ತೋರಿಸುತ್ತೆ. ನೀವು ಪೇಮೆಂಟ್ ಟೀಮ್‌ಗೆ ಕಾಯ್ತಿದ್ದೀರಿ ಅಂತ ನೀವಾಗಿ ಬರೆದು ಹೇಳದಿದ್ರೆ ಅವರಿಗೆ ಗೊತ್ತಾಗೋ ದಾರಿ ಇಲ್ಲ.

6/7
ಕೊಡೋದು ಹೇಗೆ? ಯಾರು ಶಿಫ್ಟ್‌ಗೆ ಬಂದಿದ್ದಾರೆ ಅಂತ ಗೊತ್ತಿದ್ರೆ ಅವರನ್ನ ಕೇಳಿ, ಅವರು ಹೂಂ ಅಂದ ಮೇಲೆ ಅವರ ಹೆಸರಿಗೆ ಹಾಕಿ. ಗೊತ್ತಿಲ್ಲದಿದ್ರೆ ಅಸೈನೀಯಿಂದ ನಿಮ್ಮ ಹೆಸರು ತೆಗೆದು ಗ್ರೂಪ್‌ಗೆ ಬಿಡಿ. ಉತ್ತರ ಬಂದ ಕೂಡಲೇ ಅದು ಯಾರ ಹೆಸರೂ ಇಲ್ಲದ ಪಟ್ಟಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತೆ. ಕೇಳದೆ ಒಬ್ಬರ ಹೆಸರಿಗೆ ಎಸೆದು ಹೋಗೋದು ಮಾತ್ರ ಬೇಡ. ಅವತ್ತು ಅವರು ರಜೆ ಹಾಕಿದ್ರೆ ಕಥೆ ಮತ್ತೆ ಅದೇ.

ಕೊಡುವಾಗ ಇಂಟರ್ನಲ್ ನೋಟ್ ಬರೀರಿ. ಪಬ್ಲಿಕ್ ರಿಪ್ಲೈ ಮೇಲೆ ಕ್ಲಿಕ್ ಆಗಿಲ್ಲ ಅಂತ ಎರಡು ಸಲ ನೋಡಿ, ಇಲ್ಲಾಂದ್ರೆ ನೋಟ್ ಕಸ್ಟಮರ್‌ಗೇ ಹೋಗುತ್ತೆ. ಆ ಶುಕ್ರವಾರದ ಟಿಕೆಟ್‌ಗೆ ಈ ನಾಲ್ಕು ಸಾಲು ಸಾಕಿತ್ತು:

ಆಗಿರೋದು: 1,840 ಕಟ್ ಆಗಿದೆ, ಟಿಕೆಟ್ ಬಂದಿಲ್ಲ. ಬಸ್ ಭಾನುವಾರ ರಾತ್ರಿ.
ಮಾಡಿರೋದು: 12 ಅಂಕಿಯ ರೆಫರೆನ್ಸ್ ನಂಬರ್ ಕೇಳಿದ್ದೇನೆ.
ಬಾಕಿ: ನಂಬರ್ ಬಂದ ಕೂಡಲೇ ಪೇಮೆಂಟ್ ಟೀಮ್‌ಗೆ ಕೊಟ್ಟು ಸೀಟ್ ಕನ್ಫರ್ಮ್ ಮಾಡಬೇಕು. ಸೀಟ್ ಖಾಲಿಯಾಗ್ತಿದೆ.
ಕೊಟ್ಟ ಮಾತು: ನಂಬರ್ ಕಳಿಸಿದ್ರೆ ಕನ್ಫರ್ಮ್ ಮಾಡ್ತೀವಿ ಅಂದಿದ್ದೇನೆ.

ನಾಲ್ಕನೇ ಸಾಲು ಬಿಡಬೇಡಿ. ಮೊದಲ ಮೂರನ್ನ ಮುಂದಿನವರು ಮೆಸೇಜ್ ಓದಿ ಹೇಗೋ ಹುಡುಕಿಕೊಳ್ತಾರೆ. ಫೋನಲ್ಲಿ "ಹನ್ನೊಂದರೊಳಗೆ ವಾಪಸ್ ಕಾಲ್ ಮಾಡ್ತೀನಿ ಸರ್" ಅಂದಿದ್ದನ್ನ ನೀವು ಬರೆಯದಿದ್ರೆ ಅದು ಎಲ್ಲೂ ಇರಲ್ಲ. ಕಸ್ಟಮರ್ ಮಾತ್ರ ಹನ್ನೊಂದರವರೆಗೆ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿರ್ತಾರೆ.

7/7
ಕೊನೆಯದಾಗಿ ಒಂದು ಆಸೆಯ ಬಗ್ಗೆ. ಆರು ಗಂಟೆಗೆ ಐದು ನಿಮಿಷ ಇರುವಾಗ ಉಳಿದಿದ್ದನ್ನೆಲ್ಲ ಸಾಲ್ವ್ಡ್ ಮಾಡಿ ಎದ್ದು ಹೋಗೋಣ ಅನಿಸುತ್ತೆ. ಕೌಂಟ್ ಚೆನ್ನಾಗಿ ಕಾಣುತ್ತೆ. ಕಸ್ಟಮರ್ ತಿರುಗಿ ಬರೆದ್ರೆ ಅದೂ ಓಪನ್ ಆಗಿ ನಿಮ್ಮ ಹೆಸರಿಗೇ ಬರುತ್ತೆ, ರೀಓಪನ್ ಲೆಕ್ಕದಲ್ಲೂ ಸೇರುತ್ತೆ. ಬರೆಯದಿದ್ರೆ ಇನ್ನೂ ಕಷ್ಟ. ಝೆಂಡೆಸ್ಕ್‌ನ ಮೂಲ ಸೆಟ್ಟಿಂಗ್‌ನಲ್ಲಿ ಸಾಲ್ವ್ಡ್ ಆದ ಟಿಕೆಟ್ 4 ದಿನಕ್ಕೆ ಕ್ಲೋಸ್ಡ್ ಆಗುತ್ತೆ, ಕ್ಲೋಸ್ಡ್ ಆಗಿದ್ದನ್ನ ಮತ್ತೆ ತೆಗೆಯೋಕಾಗಲ್ಲ. ಆಮೇಲೆ ಅವರು ಬರೆದಿದ್ದು ಹೊಸ ಟಿಕೆಟ್ ಆಗಿ ಬರುತ್ತೆ. ಹಾಗಾಗಿ ಕಸ್ಟಮರ್ ಕೇಳಿದ್ದು ಅವರ ಕೈ ಸೇರಿದ್ರೆ ಮಾತ್ರ ಸಾಲ್ವ್ಡ್.

ಎಲ್ಲಾ ಆದ ಮೇಲೆ ಪಟ್ಟಿಯನ್ನ ಒಂದ್ಸಲ ರಿಫ್ರೆಶ್ ಮಾಡಿ, ಯಾಕಂದ್ರೆ ನೀವು ನೋಟ್ ಬರೀತಿದ್ದ ಹತ್ತು ನಿಮಿಷದಲ್ಲೇ ಯಾರಾದ್ರೂ ಉತ್ತರ ಕಳಿಸಿರಬಹುದು. ಆಮೇಲೆ ಸೈನ್ ಔಟ್. ಆನ್‌ಲೈನ್ ಸ್ಟೇಟಸ್ ಬಿಟ್ಟು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಬೇಡಿ, ಸಿಸ್ಟಮ್‌ಗೆ ನೀವು ಇನ್ನೂ ಸೀಟಲ್ಲೇ ಇದ್ದೀರಿ ಅನಿಸಿದ್ರೆ ಚಾಟ್ ನಿಮಗೇ ಕಳಿಸುತ್ತೆ.

ನೋಟ್ ಬರೆಯೋಕೆ ಟೈಮ್ ಸಾಲಲ್ಲ ಅನ್ನೋರಿಗೆ: ಹತ್ತೂ ಟಿಕೆಟ್‌ಗೆ ಬೇಕಾಗಿಲ್ಲ. ಆ ಎರಡು ಪ್ರಶ್ನೆ ಕೇಳಿ ಸೋಸಿದ್ರೆ ಸಾಮಾನ್ಯವಾಗಿ ಎರಡೋ ಮೂರೋ ಉಳಿಯುತ್ತೆ. ಪ್ರಯಾಣದ ದಿನ ಹತ್ತಿರ ಇರೋದರಿಂದ ಶುರು ಮಾಡಿ.

ನಿಮ್ಮ ಕೆಲಸದಲ್ಲಿ ಪೆಂಡಿಂಗ್‌ಗೆ ಏನು ಹೆಸರು, ಹ್ಯಾಂಡೋವರ್ ಹೇಗೆ ಮಾಡ್ತೀರಿ, ಕಮೆಂಟ್‌ನಲ್ಲಿ ಬರೀರಿ. ಇವತ್ತು ರಾತ್ರಿ ಶಿಫ್ಟ್ ಇರೋರು 5ನೇದನ್ನ ಸೇವ್ ಮಾಡ್ಕೊಳ್ಳಿ.

#ನೈಟ್‌ಶಿಫ್ಟ್ #ಕೆಲಸದಮಾತು #ಕನ್ನಡ