ಹನ್ನೊಂದರಲ್ಲಿ ಒಂಬತ್ತು

ಮುಂಬಯಿ ಉಪನಗರದ ಒಂದು ಕನ್ನಡ ಶಾಲೆಯ ವಾರ್ಷಿಕೋತ್ಸವ. ಖೋ ಖೋ ತಂಡದ ನಾಯಕಿಗೆ ಮಾತಾಡಲು ಮೂರು ನಿಮಿಷ ಕೊಟ್ಟಿದ್ದರು. ಚೆಸ್ ತಂಡ ಕಪ್ ತಂದಿತ್ತು, ಅದಕ್ಕೆ ಐದು ನಿಮಿಷ. ದೈಹಿಕ ಶಿಕ್ಷಣದ ಸರ್ ಭಾಷಣವನ್ನು ತಾವೇ ತಿದ್ದಿ ಕೊಟ್ಟಿದ್ದರು. ಅದರ ಮೊದಲ ಸಾಲು, ಸೋಲೇ ಗೆಲುವಿನ ಮೆಟ್ಟಿಲು. ಸೋತ ತಂಡ ವೇದಿಕೆ ಹತ್ತಿದಾಗಲೆಲ್ಲ ಈ ಮೆಟ್ಟಿಲೂ ಜೊತೆಗೇ ಬರುತ್ತದೆ.

ಹುಡುಗಿ ಆ ಹಾಳೆಯನ್ನು ಮಡಚಿಟ್ಟುಕೊಂಡು ಮೈಕಿನ ಮುಂದೆ ನಿಂತಳು. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಮನೆಮಾತೇ ಬಾಯಿಗೆ ಬಂತು. "ಈ ವರ್ಷ ನಾವು ಹನ್ನೊಂದು ಮ್ಯಾಚ್ ಆಡೀವಿ. ಒಂಬತ್ತು ಸೋತೀವಿ." ಸಭೆಯಲ್ಲಿ ಯಾರೋ ನಕ್ಕರು. ಆಕೆ ಅವರ ನಗು ನಿಲ್ಲುವವರೆಗೆ ಕಾದಳು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ವಿಶ್ವಕಪ್ಪನ್ನು ಭಾರತದ ಹೆಂಗಸರೂ ಗಂಡಸರೂ ಗೆದ್ದ ಮೇಲೆ ಖೋ ಖೋ ಎಂದರೆ ಕಪ್ ಎಂದು ಪಾಲಕರಿಗೂ ಅನಿಸತೊಡಗಿತ್ತು. ಆದರೆ ಈ ಆಟ ಮಹಾರಾಷ್ಟ್ರದ ನೆಲದಲ್ಲಿ ಬೇರು ಬಿಟ್ಟದ್ದು. ಎದುರಾಳಿ ಶಾಲೆಗಳಲ್ಲಿ ಐದನೆಯ ತರಗತಿಯಿಂದಲೇ ಕಂಬ ಸುತ್ತಿದ ಮಕ್ಕಳಿರುತ್ತಾರೆ. ಇಲ್ಲಿ ಮೇಲಿನ ತರಗತಿಗಳ ಹುಡುಗಿಯರನ್ನೆಲ್ಲ ಕೇಳಿ ಕೂಡಿಸಿದರೂ ಸರಿಯಾಗಿ ಹನ್ನೆರಡು ಮಂದಿ, ಅಂಕಣಕ್ಕೆ ಒಂಬತ್ತು, ಹೊರಗೆ ಮೂರು. ಒಬ್ಬಳಿಗೆ ಜ್ವರ ಬಂದರೆ ಲೆಕ್ಕ ತಪ್ಪುತ್ತಿತ್ತು.

ನಾಯಕಿ ಮೊದಲು ಆ ಹೊರಗಿನ ಮೂವರ ಹೆಸರು ಹೇಳಿದಳು. ಪ್ರತಿ ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದವರು ಅವರು, ಇಡೀ ವರ್ಷದಲ್ಲಿ ಅಂಕಣದೊಳಗೆ ಅವರು ಕಾಲಿಟ್ಟದ್ದು ಎರಡೇ ಸಲ. ಆಮೇಲೆ ಮೊದಲ ಬ್ಯಾಚಿನ ಓಟಗಾರ್ತಿ. ತಪ್ಪಿಸಿಕೊಳ್ಳುವ ಸರದಿಯಲ್ಲಿ ಮೂರು ಮೂರು ಮಂದಿ ಒಳಗೆ ಬರುತ್ತಾರೆ. ಒಂದು ಪಂದ್ಯದಲ್ಲಿ ಈಕೆ ಒಂಬತ್ತು ನಿಮಿಷದ ಸರದಿಯಲ್ಲಿ ನಾಲ್ಕು ನಿಮಿಷ ಸಿಕ್ಕಿರಲಿಲ್ಲ. ಆ ಪಂದ್ಯಗಳಲ್ಲಿ ಮುಟ್ಟಿದವರಿಗೆ ಅಂಕ, ಸಿಗದೆ ಓಡಿದವರಿಗೆ ಏನೂ ಇಲ್ಲ. "ಅಕಿ ನಾಲ್ಕು ನಿಮಿಷ ಬೋರ್ಡಿನ ಮ್ಯಾಲೆ ಇಲ್ಲ. ಅದಕ್ಕ ಇಲ್ಲಿ ಹೇಳಾಕತ್ತೀನಿ" ಎಂದಳು.

ಇಲ್ಲಿಯವರೆಗೆ ಸರ್ ಮುಖ ಗೆಲುವಾಗಿಯೇ ಇತ್ತು. ಆಮೇಲೆ ಆಕೆ ಆರನೆಯ ಚೌಕದವಳ ಮಾತೆತ್ತಿದಳು. ಕೊನೆಯ ಪಂದ್ಯ ಸೋತದ್ದು ಅವಳಿಂದ ಎಂದು ಶಾಲೆಗೆಲ್ಲ ಗೊತ್ತಿತ್ತು. ಅಂದಿನಿಂದ ಅವಳು ಅಭ್ಯಾಸಕ್ಕೂ ಬಂದಿರಲಿಲ್ಲ.

ಆ ಪಂದ್ಯದಲ್ಲಿ ಎದುರಿನವರದು 13, ಇವರದು 12. ಇವರು ಅಟ್ಟುವ ಕೊನೆಯ ಸರದಿ, ಇನ್ನು ಅರ್ಧ ನಿಮಿಷವೂ ಇಲ್ಲ. ಒಬ್ಬಳನ್ನು ಮುಟ್ಟಿದರೆ ಸಮ. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಅತ್ತಿತ್ತ ಮುಖ ಮಾಡಿ ಕೂತಿರುತ್ತಾರೆ. ಅಟ್ಟುವವಳು ಹೊರಟ ದಿಕ್ಕಿನಿಂದ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಟಗಾರ್ತಿ ಆಚೆಗೆ ನುಸುಳಿದರೆ ಅತ್ತ ಮುಖ ಮಾಡಿ ಕೂತವಳಿಗೆ ಹಿಂದಿನಿಂದ ಬೆನ್ನು ಮುಟ್ಟಿ, ಅದೇ ಕ್ಷಣ ಗಟ್ಟಿಯಾಗಿ ಖೋ ಅನ್ನಬೇಕು. ಕೈಯೂ ದನಿಯೂ ಒಟ್ಟಿಗೆ ಬರಬೇಕು. ಖೋ ಸಿಗುವ ಮೊದಲು ಎದ್ದರೆ ಫೌಲ್. ಆರನೆಯವಳು ಎದ್ದಳು, ಮೂರು ಹೆಜ್ಜೆಯಲ್ಲಿ ಓಟಗಾರ್ತಿಯನ್ನು ಮುಟ್ಟಿಯೂಬಿಟ್ಟಳು. ಸೀಟಿ ಊದುತ್ತಲೇ ಇತ್ತು. ಮುಟ್ಟಿದ್ದು ಲೆಕ್ಕಕ್ಕೆ ಬರಲಿಲ್ಲ, ಸಮಯ ಮುಗಿಯಿತು.

"ಅಕಿಗೆ ಖೋ ಕೊಟ್ಟಾಕಿ ನಾನು" ಎಂದಳು ನಾಯಕಿ. "ಕೈ ಮುಟ್ಟಿಸಿದ್ದೆ. ಓಡಿ ಓಡಿ ಉಸಿರು ಕಟ್ಟಿತ್ತು, ಬಾಯಿಂದ ಖೋ ತಡ ಬಂತು. ಬೆನ್ನಿಗೆ ಕೈ ತಾಗಿದ್ದಕ್ಕ ಅಕಿ ಎದ್ದಳು. ಸೀಟಿ ಅಕಿ ಹೆಸರಿಗಾತು. ಅಕಿಗೆ ಇದು ಅವತ್ತೇ ಗೊತ್ತು. ಯಾರ ಮುಂದೂ ಹೇಳಲಿಲ್ಲ. ಥ್ಯಾಂಕ್ಸ್ ಅಂತ ಹೇಳಬೇಕಾಗಿದ್ದು ಇದಕ್ಕ."

ದೂರದಿಂದ ನೋಡುವವರಿಗೆ ಈ ತಪ್ಪು ಕಾಣುವುದೇ ಇಲ್ಲ. ಎದ್ದವಳು ಎಲ್ಲರ ಕಣ್ಣಿಗೆ ಬೀಳುತ್ತಾಳೆ, ದನಿ ತಡವಾದದ್ದು ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ಅದನ್ನು ಬಲ್ಲವರು ಇಬ್ಬರೇ: ಮುಟ್ಟಿದವಳು, ಮುಟ್ಟಿಸಿಕೊಂಡವಳು.

ಚಪ್ಪಾಳೆ ಬಿತ್ತು, ಚೆಸ್ ತಂಡಕ್ಕೆ ಬಿದ್ದಷ್ಟಲ್ಲ. ಮಡಚಿದ ಹಾಳೆಯನ್ನು ಆಕೆ ಸರ್ ಕೈಗೆ ವಾಪಸ್ ಕೊಟ್ಟಳು. ಆರನೆಯ ಚೌಕದವಳು ಪಕ್ಕದಲ್ಲೇ, ಲಂಬಾಣಿ ಕುಣಿತದ ಲಂಗ ತೊಟ್ಟು ತನ್ನ ಸರದಿಗೆ ಕಾಯುತ್ತಿದ್ದಳು. ನಾಯಕಿ ಕೆಳಗಿಳಿದು ಹತ್ತಿರ ಬಂದಾಗ ಅವಳು ಅಳಲಿಲ್ಲ, ತಬ್ಬಿಕೊಳ್ಳಲೂ ಇಲ್ಲ.

"ಮೂರು ತಿಂಗಳಾತು" ಎಂದಳು. "ಇಷ್ಟು ದಿನ ಯಾಕ ಹೇಳಲಿಲ್ಲ?"

ನಾಯಕಿ ಬಾಯಿ ತೆರೆಯುವಷ್ಟರಲ್ಲಿ ಹಾಡು ಹಾಕಿಬಿಟ್ಟರು. ಅವಳು ಲಂಗ ಸರಿಮಾಡಿಕೊಂಡು ವೇದಿಕೆ ಹತ್ತಿದಳು.