ಶನಿವಾರ ಒಂದರಿಂದ ಭಾನುವಾರ ಹನ್ನೊಂದು

ತೋಟದ ಹೋಂಸ್ಟೇಗಳ ಪೋಸ್ಟ್‌ಗಳಲ್ಲಿ ಚಿತ್ರದ ಕೆಳಗಿನ ಬರಹ ಎಷ್ಟೋ ಸಲ ಶುರುವಾಗುವುದು ಪ್ರಕೃತಿಯ ಮಡಿಲಿನಿಂದ. ಇನ್‌ಸ್ಟಾಗ್ರಾಂನಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದೆರಡು ಸಾಲು ಮಾತ್ರ, ಉಳಿದದ್ದನ್ನು ಒತ್ತಿ ತೆರೆಯಬೇಕು. ಹಸಿರು, ಮಂಜು, ಹಂಚಿನ ಮನೆ ಇವನ್ನೆಲ್ಲ ಚಿತ್ರವೇ ತೋರಿಸಿರುತ್ತದೆ. ಚಿತ್ರ ಹೇಳಲಾರದ ಊರು, ದರ, ಹೊತ್ತು ಆ ಎರಡು ಸಾಲಿನಲ್ಲಿರಬೇಕು.

ಸಕಲೇಶಪುರದ ಕಡೆಯ ಕಾಫಿ ತೋಟವೊಂದು ಹೀಗೆ ಬರೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ:

"ಸಕಲೇಶಪುರ, ಕಾಫಿ ತೋಟದ ಮನೆ. ಶನಿವಾರ ಮಧ್ಯಾಹ್ನ 1ರಿಂದ ಭಾನುವಾರ ಬೆಳಗ್ಗೆ 11. ಒಬ್ಬರಿಗೆ 2,200 ರೂ. ಶನಿವಾರದ ಊಟ, ಸಂಜೆ ಕಾಫಿ-ಬಜ್ಜಿ, ರಾತ್ರಿ ಊಟ, ಭಾನುವಾರದ ತಿಂಡಿ, ತೋಟದ ಸುತ್ತಾಟ ಸೇರಿವೆ. ಜೀಪ್ ಬಾಡಿಗೆ ಬೇರೆ. 5 ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ, 10ರವರೆಗೆ ಅರ್ಧ. ಗುರುವಾರದೊಳಗೆ ಅರ್ಧ ಮುಂಗಡ."

ಗಂಡ, ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಇರುವ ಕುಟುಂಬ ಇದನ್ನು ಓದಿದರೆ ಫೋನ್ ಮಾಡುವ ಮೊದಲೇ ಲೆಕ್ಕ ಮುಗಿದಿರುತ್ತದೆ. ದೊಡ್ಡವರಿಬ್ಬರದು 4,400, ಮಗಳದು 1,100, ಒಟ್ಟು 5,500. ಈಗ ಕಳಿಸಬೇಕಾದದ್ದು 2,750. ಇದೇ ಜಾಗದಲ್ಲಿ "2,200 ಮಾತ್ರ" ಎಂದು ಬರೆದಿದ್ದರೆ ಅವರು ಅದನ್ನು ಕೋಣೆಯ ಬಾಡಿಗೆ ಎಂದುಕೊಂಡು ಬರುತ್ತಾರೆ. ಹೊರಡುವ ದಿನ ಅಂಗಳದಲ್ಲಿ ನಿಂತು ಮಾತು ಬೆಳೆಯುವುದು ಇಂಥ ಕಡೆಯೇ. "ಎಲ್ಲ ಊಟ ಸೇರಿದೆ" ಎಂಬುದೂ ಅಷ್ಟೇ ಅಪಾಯದ ಮಾತು. ಭಾನುವಾರ ಮಧ್ಯಾಹ್ನದ ಊಟವೂ ಅದರಲ್ಲಿ ಬಂತು ಎಂದು ಅತಿಥಿ ತಿಳಿದರೆ ತಪ್ಪು ಅವರದಲ್ಲ.

ಒಂದು ಗಂಟೆ ಎಂಬ ಹೊತ್ತಿಗೂ ಕಾರಣವಿದೆ. ಹಿಂದಿನವರು ಹನ್ನೊಂದಕ್ಕೆ ಹೊರಟರೆ ಕೋಣೆ ಗುಡಿಸಿ, ಬಚ್ಚಲು ತೊಳೆದು, ಹಾಸಿಗೆ ಬದಲಿಸಲು ಸಿಗುವುದು ಎರಡೇ ತಾಸು. ಮಳೆಗಾಲದಲ್ಲಿ ಒಗೆದ ಹೊದಿಕೆ ಒಣಗಲು ದಿನಗಟ್ಟಲೆ ಬೇಕು. ಪ್ರತಿ ಹಾಸಿಗೆಗೆ ಎರಡು ಮೂರು ಜೊತೆ ಇಟ್ಟುಕೊಂಡ ಮನೆಗೆ ಮಾತ್ರ ಈ ಮಾತು ಉಳಿಸಿಕೊಳ್ಳಲು ಸಾಧ್ಯ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಬೆಳಗ್ಗೆ ಏಳಕ್ಕೆ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿದವರು ಸರಿಯಾಗಿ ಊಟದ ಹೊತ್ತಿಗೆ ತಲುಪುತ್ತಾರೆ. ತಡವಾಗಿ ಹೊರಡುವವರಿಗಾಗಿ ಇನ್ನೊಂದು ಸಾಲು ಬೇಕು: "ಕತ್ತಲಾಗುವುದರೊಳಗೆ ಬನ್ನಿ, ತೋಟದ ದಾರಿಯಲ್ಲಿ ಆನೆಗಳು ಓಡಾಡುತ್ತವೆ." ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಇದು ಭಯ ಹುಟ್ಟಿಸುವ ಮಾತಲ್ಲ, ದಿನನಿತ್ಯದ ವಾಸ್ತವ. ಮುಖ್ಯರಸ್ತೆ ಬಿಟ್ಟು ಒಳಗೆ ಹೋದ ಮೇಲೆ ಹಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆಯೂ ಇಲ್ಲ, ಬಾಕಿ ಹಣ ಕಳಿಸಲು ಫೋನ್‌ಪೇಯೂ ಇಲ್ಲ. "ಬಾಕಿ ಹಣ ನಗದಾಗಿ ತನ್ನಿ" ಎಂದು ಮೊದಲೇ ಬರೆದರೆ ಎಟಿಎಂ ಹುಡುಕಿಕೊಂಡು ಪೇಟೆಗೆ ವಾಪಸು ಹೋಗುವುದು ತಪ್ಪುತ್ತದೆ.

ಚಟುವಟಿಕೆಗಳ ಸಾಲಂತೂ ವರ್ಷವಿಡೀ ಒಂದೇ ಆಗಿರಲು ಸಾಧ್ಯವೇ ಇಲ್ಲ. "ಕಾಫಿ ಹಣ್ಣು ಕೊಯ್ಯುವ ಅನುಭವ" ಎಂದು ಜುಲೈನಲ್ಲೂ ಬರೆಯುವವರಿದ್ದಾರೆ. ಆಗ ಗಿಡದಲ್ಲಿರುವುದು ಹಸಿರು ಕಾಯಿ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಆಮೇಲೆ, ಬೇಸಿಗೆಯ ಬಾಗಿಲವರೆಗೆ. ಆ ದಿನಗಳಲ್ಲಿ ಬಂದ ಮಗು ಕೆಂಪು ಹಣ್ಣನ್ನು ಕಿತ್ತು, ಸಿಪ್ಪೆ ಹಿಸುಕಿ, ಲೋಳೆ ಅಂಟಿದ ಎರಡು ಬೀಜ ಕೈಗೆ ಜಾರುವುದನ್ನು ನೋಡುತ್ತದೆ. ಸಿಹಿ ಲೋಳೆಯನ್ನು ಚೀಪಿಯೂ ನೋಡಬಹುದು. ಕಣದಲ್ಲಿ ಹರಡಿದ ಬೀಜವನ್ನು ಕೆರೆಯುತ್ತಿರುವವರ ಜೊತೆ ಒಂದಿಷ್ಟು ಹೊತ್ತು ಕೈಜೋಡಿಸಬಹುದು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ಹರಡುತ್ತದೆ. ಆ ಸೊಬಗು ಕೆಲವೇ ದಿನ. ಅದಕ್ಕೆ ತಾರೀಖು ಹಾಕಿ ಮಾರುವುದು ಸರಿಯಲ್ಲ. ಮಳೆ ಬಿದ್ದ ಮರುದಿನ "ಮುಂದಿನ ವಾರಾಂತ್ಯ ಹೂವು ನಿರೀಕ್ಷಿಸಬಹುದು" ಎಂದು ಹೊಸದಾಗಿ ಬರೆಯುವುದೇ ಪ್ರಾಮಾಣಿಕ ದಾರಿ. ಜುಲೈ ಬರಹದಲ್ಲಿ ಇರಬೇಕಾದದ್ದು ಮಳೆ, ಕಡುಬು, ಕಳಲೆ ಪಲ್ಯ. ಜೊತೆಗೆ ಇಂಬಳದ ವಿಚಾರವೂ, ಉದ್ದದ ಕಾಲುಚೀಲ ತರಬೇಕೆಂಬ ಸೂಚನೆಯೂ.

ಮುಂಗಡಕ್ಕೆ ಗುರುವಾರದ ಗಡುವು ಏಕೆ ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ತೋಟದ ಮನೆಯಲ್ಲಿ ಹೋಟೆಲ್‌ನಂತೆ ಸದಾ ಸಾಮಾನು ತುಂಬಿರುವುದಿಲ್ಲ. ತಲೆ ಲೆಕ್ಕ ಸಿಕ್ಕಿದ ಮೇಲೆ ಶುಕ್ರವಾರ ಪೇಟೆಯಿಂದ ಕೋಳಿ, ತರಕಾರಿ ಬರಬೇಕು, ಹಾಲು ಹೇಳಬೇಕು, ಬಡಿಸಲು ಪಕ್ಕದ ಮನೆಯವರನ್ನು ಕರೆಯಬೇಕು. ಸಸ್ಯಾಹಾರಿಗಳೆಷ್ಟು ಎಂಬುದನ್ನೂ ಮುಂಗಡದ ಜೊತೆಗೇ ಕೇಳುವ ಮನೆಯಲ್ಲಿ ಅನ್ನ ಚೆಲ್ಲುವುದು ಕಡಿಮೆ.

ಮುಂಗಡ ಕೇಳುವವರು ಅದನ್ನು ಹಿಂತಿರುಗಿಸುವ ಬಗೆಯನ್ನೂ ಅಲ್ಲೇ ಬರೆಯಬೇಕು. ಗುರುವಾರಕ್ಕೆ ಮೊದಲು ರದ್ದಾದರೆ ಪೂರ್ತಿ ವಾಪಸು, ಆಮೇಲಾದರೆ ಬೇರೆ ವಾರಕ್ಕೆ ಬದಲಾವಣೆ ಎಂಬುದು ಎರಡೂ ಕಡೆಗೆ ಹೊಂದುವ ಕರಾರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದುಂಟು. ಮಂಗಳೂರು ಕಡೆಯಿಂದ ಬರುವವರಿಗೆ ಅಂಥ ದಿನ ಯಾವಾಗ ರದ್ದು ಮಾಡಿದರೂ ಹಣ ಪೂರ್ತಿ ವಾಪಸು ಎಂಬ ಸಾಲನ್ನು ಜೂನ್‌ನಲ್ಲೇ ಸೇರಿಸಬೇಕು.